ಕುಸಿದ ಸೋಫಾಗೆ ಹಲಗೆ ತುರುಕಬೇಡಿ, ಬೆಲ್ಟ್ ಬಿಗಿ ಮಾಡಿ

ಸೋಫಾದಲ್ಲಿ ಕೂತರೆ ಒಂದು ಕಡೆ ಗುಂಡಿಗೆ ಬಿದ್ದ ಹಾಗಾಗುತ್ತದೆ. ಏಳುವಾಗ ಕಿರ್ ಅನ್ನುತ್ತದೆ. ಆಗ ನಮ್ಮ ಮನೆಗಳಲ್ಲಿ ನಡೆಯುವ ಮೊದಲ ರಿಪೇರಿ ಎಂದರೆ ಕುಶನ್‌ಗಳನ್ನು ಅದಲುಬದಲು ಮಾಡುವುದು. ಎರಡನೆಯದು, ಅಟ್ಟದಿಂದ ಒಂದು ಪ್ಲೈವುಡ್ ತುಂಡು ಇಳಿಸಿ ಕುಶನ್ ಕೆಳಗೆ ತುರುಕುವುದು. ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪ ಮಾಡಿದ್ದೂ ಇದನ್ನೇ. ಐದಾರು ತಿಂಗಳು ಗಟ್ಟಿಯಾಗಿಯೇ ಇತ್ತು. ಆಮೇಲೆ ಯಾರೋ ನೆಂಟರು ದೊಪ್ಪನೆ ಕೂತಾಗ ಮುಂಭಾಗದ ಅಡ್ಡಮರ ಮೂಲೆಯಲ್ಲಿ ಕಿತ್ತುಕೊಂಡು ಬಂತು.

ಕಾರಣ ಸರಳ. ಬಹಳಷ್ಟು ಸೋಫಾಗಳ ಸೀಟಿನ ಕೆಳಗೆ ಇರುವುದು ಎಲಾಸ್ಟಿಕ್ ಬೆಲ್ಟ್. ನಾವು ಕೂತಾಗ ಅದು ಜಗ್ಗಿ ಏಟನ್ನು ತಾನು ನುಂಗಿಕೊಳ್ಳುತ್ತದೆ. ಹಲಗೆ ಜಗ್ಗುವುದಿಲ್ಲ. ಏಟು ನೇರವಾಗಿ ಮರದ ಕೀಲಿಗೆ ಹೋಗುತ್ತದೆ. ಬೆಲ್ಟ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಈಗ ಮರಗೆಲಸವೂ ಆಯಿತು.

ನಾನು ಹೋಗಿ ಇಬ್ಬರೂ ಸೇರಿ ಸರಿ ಮಾಡಿದೆವು. ಮೂರು ಜನ ಕೂರುವ, ಕುಶನ್ ಬಿಡಿಬಿಡಿಯಾಗಿ ಎತ್ತಬಹುದಾದ ಸೋಫಾ ಅದು. ನಿಮ್ಮದೂ ಅಂಥದ್ದೇ ಆಗಿದ್ದರೆ ಮುಂದೆ ಓದಿ. ಸೀಟಿನ ಫೋಮ್ ಬಟ್ಟೆಯ ಜೊತೆ ಸೇರಿಕೊಂಡೇ ಇದ್ದರೆ ಕೈ ಹಾಕಬೇಡಿ. ಬಿಚ್ಚುವುದು ಸುಲಭ, ಸುಕ್ಕಿಲ್ಲದ ಹಾಗೆ ಮತ್ತೆ ಎಳೆದು ಕೂರಿಸುವುದು ಕಸುಬಿನವರಿಗೇ ಬರುವ ಕೆಲಸ.

ಮೊದಲು ಮಲಗಿಸಿ ಅಡಿ ನೋಡಿ

ಕುಶನ್ ತೆಗೆದು, ಸೋಫಾವನ್ನು ಬೆನ್ನಿನ ಮೇಲೆ ಮಲಗಿಸಿ. ಅಡಿಯಲ್ಲಿ ತೆಳುವಾದ ಕಪ್ಪು ಬಟ್ಟೆ ಇರುತ್ತದೆ. ಅದರ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಮೀಟಿ, ಇಕ್ಕಳದಲ್ಲಿ ಎಳೆಯಿರಿ. ಬಟ್ಟೆಯನ್ನು ಹರಿಯಬೇಡಿ, ಮತ್ತೆ ಬೇಕು.

ಈಗ ಮೂರು ವಿಷಯ ಗೊತ್ತಾಗುತ್ತದೆ. ಒಂದು, ಬೆಲ್ಟ್ ತುಂಡಾಗಿದೆಯೋ, ಸಡಿಲವಾಗಿ ಜೋತು ಬಿದ್ದಿದೆಯೋ, ಅಥವಾ ಪಿನ್ನು ಕಿತ್ತು ತುದಿ ಬಿಟ್ಟುಕೊಂಡಿದೆಯೋ. ಎರಡು, ಕಿರುಗುಡುವುದು ಯಾವ ಮೂಲೆ. ಒಂದು ಮೂಲೆಯ ಕೀಲಿನ ಮೇಲೆ ಅಂಗೈ ಇಟ್ಟುಕೊಳ್ಳಿ, ಇನ್ನೊಬ್ಬರು ಎದುರು ಮೂಲೆ ಹಿಡಿದು ಸೋಫಾವನ್ನು ತಿರುಚಲಿ. ಬಿಟ್ಟುಕೊಂಡ ಕೀಲು ಅಂಗೈಗೆ ಕಚಗುಳಿ ಇಟ್ಟ ಹಾಗೆ ಅಲ್ಲಾಡುತ್ತದೆ. ಸದ್ದು ಮಾತ್ರ ನಂಬಬೇಡಿ, ಅದು ಮರದುದ್ದಕ್ಕೂ ಓಡಿ ಬೇರೆ ಕಡೆಯಿಂದ ಕೇಳಿಸುತ್ತದೆ. ಮೂರು, ಹಿಟ್ಟಿನಂಥ ಪುಡಿ ಉದುರುತ್ತಿದೆಯೇ ಎಂದು ನೋಡಿ. ಉದುರುತ್ತಿದ್ದರೆ ಕುಟ್ಟೆ ಹುಳು ಹಿಡಿದಿದೆ. ಆ ಮರಕ್ಕೆ ಪಿನ್ನು ಹೊಡೆದರೂ ನಿಲ್ಲುವುದಿಲ್ಲ, ಅಡ್ಡಮರವನ್ನೇ ಬದಲಿಸಬೇಕು.

ಕಿರುಗುಡುವ ಕೀಲು ಮೊದಲು, ಬೆಲ್ಟ್ ಆಮೇಲೆ

ಈ ಕ್ರಮ ತಪ್ಪಿಸುವವರು ತುಂಬಾ ಜನ. ಹೊಸ ಬೆಲ್ಟ್‌ಗಳೆಲ್ಲ ಸೇರಿ ಮುಂದಿನ, ಹಿಂದಿನ ಅಡ್ಡಮರಗಳನ್ನು ಒಳಕ್ಕೆ ಎಳೆಯುತ್ತಿರುತ್ತವೆ. ಸಡಿಲ ಕೀಲಿನ ಮೇಲೆ ಬೆಲ್ಟ್ ಬಿಗಿದರೆ ಕೀಲು ಇನ್ನಷ್ಟು ಬಾಯಿ ಬಿಡುತ್ತದೆ.

ಕೀಲಿನ ಒಳಗಿನ ಹಳೆಯ ಅಂಟನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಒಣಗಿದ ಅಂಟಿನ ಮೇಲೆ ಹೊಸ ಫೆವಿಕಾಲ್ ಹಿಡಿಯುವುದಿಲ್ಲ. ಅದಕ್ಕೆ ಬೇಕಾದ್ದು ಬರೀ ಮರ. ಅಂಟು ಹಾಕಿ ಕೀಲು ಕೂರಿಸಿದ ಮೇಲೆ ಬಿಗಿಯಾಗಿ ಹಿಡಿದಿಡಬೇಕು. ಬಡಗಿಯ ಕ್ಲ್ಯಾಂಪ್ ಇಲ್ಲದಿದ್ದರೂ ಪರವಾಗಿಲ್ಲ. ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಚೌಕಟ್ಟಿನ ಸುತ್ತ ಎರಡು ಸುತ್ತು ಕಟ್ಟಿ, ನಡುವೆ ಒಂದು ಕೋಲು ತೂರಿಸಿ ತಿರುಚಿ. ಹಗ್ಗ ಬಿಗಿಯಾಗುತ್ತಾ ಕೀಲು ಮುಚ್ಚಿಕೊಳ್ಳುತ್ತದೆ. ಕೋಲನ್ನು ಹಾಗೇ ಕಟ್ಟಿ ಒಂದು ದಿನ ಬಿಡಿ. ಆಮೇಲೆ ಒಳಮೂಲೆಗೆ ತ್ರಿಕೋನಾಕಾರದ ಮರದ ತುಂಡನ್ನು ಅಂಟು ಹಾಕಿ ಸ್ಕ್ರೂನಿಂದ ಕೂರಿಸಿ. ಸ್ಕ್ರೂಗೆ ಮೊದಲೇ ಸಣ್ಣ ತೂತು ಕೊರೆಯಿರಿ, ಇಲ್ಲದಿದ್ದರೆ ಮರ ಸೀಳುತ್ತದೆ.

ಮೊಳೆ ಬೇಡವೇ ಬೇಡ. ಚಿಕ್ಕಪ್ಪ ಹಿಂದೆ ಹೊಡೆದಿದ್ದ ನಾಲ್ಕು ಮೊಳೆ ಕೀಲು ಅಲ್ಲಾಡಿದ ಹಾಗೆಲ್ಲ ಹೊರಗೆ ಬಂದು, ಆ ತೂತುಗಳಲ್ಲಿ ಮರವೇ ಸವೆದುಹೋಗಿತ್ತು. ಕಿರ್ ಅನ್ನುತ್ತಿದ್ದದ್ದೂ ಬಹುಪಾಲು ಆ ಮೊಳೆಗಳೇ.

ಹಳೆಯ ಬೆಲ್ಟ್‌ಗೆ ಜೀವ ಇದೆಯಾ?

ಒಂದು ಬೆಲ್ಟ್ ಬಿಚ್ಚಿ ನೆಲದ ಮೇಲೆ ಸುಮ್ನೆ ಹಾಕಿ. ಹತ್ತು ಇಂಚಿಗೆ ಎರಡು ಗುರುತು ಮಾಡಿ. ಹನ್ನೆರಡು ಇಂಚಿನವರೆಗೆ ಎಳೆದು ಬಿಡಿ. ಮತ್ತೆ ಹತ್ತಕ್ಕೆ ಬಂದರೆ ಜೀವ ಇದೆ, ಅದನ್ನೇ ಬಿಗಿ ಮಾಡಬಹುದು. ಹತ್ತೂವರೆಯಲ್ಲೇ ನಿಂತರೆ, ಅಥವಾ ಎಳೆಯುವಾಗ ಚಟಚಟ ಎಂದು ಒಳಗಿನ ರಬ್ಬರ್ ಎಳೆ ಕತ್ತರಿಸಿದ ಸದ್ದು ಬಂದರೆ ಬಿಸಾಡಿ. ಅದನ್ನು ಎಷ್ಟು ಬಿಗಿ ಮಾಡಿದರೂ ನಾಲ್ಕು ದಿನಕ್ಕೆ ಜೋತು ಬೀಳುತ್ತದೆ. ಒಂದು ಹೋಗಿದ್ದರೆ ಆ ಸೀಟಿನ ಎಲ್ಲವನ್ನೂ ಬದಲಿಸಿ. ಎಲ್ಲದರ ವಯಸ್ಸೂ ಒಂದೇ ಅಲ್ವಾ? ಒಂದು ಹೊಸದು ನಡುವೆ ಇದ್ದರೆ ಭಾರವೆಲ್ಲ ಅದರ ಮೇಲೇ ಬಿದ್ದು ಅದೂ ಬೇಗ ಹೋಗುತ್ತದೆ.

ರೆಕ್ಸಿನ್, ಫೋಮ್ ಮಾರುವ ಅಂಗಡಿಯಲ್ಲಿ ಸೋಫಾ ಬೆಲ್ಟ್ ಎಂದರೆ ಕೊಡುತ್ತಾರೆ. ಎರಡು ಇಂಚು ಅಗಲದ್ದು ಸಾಕು. ಕೊಳ್ಳುವಾಗ ಅಂಗಡಿಯಲ್ಲೇ ಒಂದಡಿ ಹಿಡಿದು ಎಳೆಯಿರಿ. ಅಂಗಿಯ ಎಲಾಸ್ಟಿಕ್ ತರಹ ಪುಸಕ್ಕನೆ ಉದ್ದವಾಗುವುದು ಬೆನ್ನಿಗೆ ಹಾಕುವಂಥದ್ದು, ಸೀಟಿಗಲ್ಲ. ಸೀಟಿನದನ್ನು ಎಳೆಯಲು ಕೈಗೆ ಶ್ರಮ ಆಗಬೇಕು. ಮಂಚದ ನವಾರ ಹಾಕಿ ಉಳಿಸುವವರೂ ಇದ್ದಾರೆ. ನವಾರ ಎಲಾಸ್ಟಿಕ್‌ನ ಹಾಗೆ ಜಗ್ಗಿ ಹಿಂದಕ್ಕೆ ಬರುವುದಿಲ್ಲ. ಪಿನ್ನನ್ನು ಕೀಳುತ್ತದೆ, ಇಲ್ಲವೇ ಉದ್ದವಾಗಿ ಅಲ್ಲೇ ಉಳಿಯುತ್ತದೆ.

ಬಿಗಿ ಮಾಡುವುದು: ಎಲ್ಲರೂ ಎಡವುವುದು ಇಲ್ಲೇ

ಬೆಲ್ಟ್‌ನ ತುದಿ ಅಡ್ಡಮರದ ಮೇಲ್ಮೈಯಲ್ಲಿ ಇರಬೇಕು. ಸೋಫಾವನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಮೇಲಿನ ಬಟ್ಟೆಯನ್ನು ಮುಂದೆ ಮತ್ತು ಎರಡೂ ಪಕ್ಕದಲ್ಲಿ ಬಿಚ್ಚಿ, ಹಿಂದಕ್ಕೆ ಮಡಚಿ ಒರಗುವ ಭಾಗದ ಮೇಲೆ ಹಾಕಿ. ಇಷ್ಟು ರಗಳೆ ಯಾಕೆ ಎಂದು ಬೋರಲು ಹಾಕಿದ ಸೋಫಾದ ಅಡಿಗೇ ಬೆಲ್ಟ್ ಹೊಡೆಯುವವರನ್ನು ನೋಡಿದ್ದೇನೆ. ಮೇಲೆ ಹೊಡೆದ ಪಿನ್ನನ್ನು ಭಾರ ಅಡ್ಡಡ್ಡ ಎಳೆಯುತ್ತದೆ, ಪಿನ್ನು ತಡೆಯುತ್ತದೆ. ಅಡಿಯಲ್ಲಿ ಹೊಡೆದ ಪಿನ್ನನ್ನು ಭಾರ ನೇರ ಕೆಳಕ್ಕೆ ಕೀಳುತ್ತದೆ. ನಿಮ್ಮ ತೂಕವೇ ಇಕ್ಕಳದ ಕೆಲಸ ಮಾಡಿದ ಹಾಗೆ.

ಚಿಕ್ಕಪ್ಪನ ಸೋಫಾದ ಲೆಕ್ಕ ಹೀಗಿತ್ತು. ಹಿಂದಿನ ಪಿನ್ನಿನ ಜಾಗದಿಂದ ಮುಂದಿನ ಪಿನ್ನಿನ ಜಾಗಕ್ಕೆ 20 ಇಂಚು. ಸೀಟಿನ ಉದ್ದ 60 ಇಂಚು. ಬೆಲ್ಟ್‌ನಷ್ಟೇ ಅಗಲ, ಅಂದರೆ ಎರಡು ಇಂಚು, ನಡುವೆ ಜಾಗ ಬಿಟ್ಟರೆ ಹಿಂದೆಮುಂದಕ್ಕೆ 15 ಬೆಲ್ಟ್. ಅದಕ್ಕಿಂತ ಜಾಸ್ತಿ ಜಾಗ ಬಿಟ್ಟರೆ ಕುಶನ್ ಸಂದಿಯಲ್ಲಿ ಇಳಿಯುತ್ತದೆ. ಎಡಬಲಕ್ಕೆ ಹೆಣೆಯಲು ಮೂರು ಉದ್ದದ ಬೆಲ್ಟ್. ಮಡಿಕೆಗೆಲ್ಲ ಸೇರಿ 40 ಅಡಿ ಆಗುತ್ತದೆ, 45 ತಂದೆವು.

ಬೆಲ್ಟ್‌ಗಳನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳಬೇಡಿ. ಎಳೆಯುವಾಗ ಹಿಡಿಯಲು ತುದಿಯೇ ಇರುವುದಿಲ್ಲ. ಸುರುಳಿಯಿಂದಲೇ ಕೆಲಸ ಮಾಡಿ. ಹಿಂದಿನ ಅಡ್ಡಮರದ ಮೇಲೆ, ತುದಿಯನ್ನು ಒಂದು ಇಂಚು ಮಡಚಿ ಸ್ಟೇಪ್ಲರ್ ಗನ್‌ನಿಂದ ಐದು ಪಿನ್ನು ಹೊಡೆಯಿರಿ. ಐದೂ ಒಂದೇ ಸಾಲಿನಲ್ಲಿ ಬೇಡ, ಮರ ಆ ಗೆರೆಯಲ್ಲೇ ಬಿರುಕು ಬಿಡುತ್ತದೆ. ಮೇಲೆ ಕೆಳಗೆ ಹಾವಿನ ನಡಿಗೆಯಂತಿರಲಿ. ಪಿನ್ನಿನ ಕಾಲು 10 ಅಥವಾ 12 ಮಿಲಿಮೀಟರ್ ಇರಬೇಕು. ಕರಕುಶಲ ಕೆಲಸದ ಸಣ್ಣ ಸ್ಟೇಪ್ಲರ್ ಗನ್‌ನ ಆರು ಮಿಲಿಮೀಟರ್ ಪಿನ್ನು ಮಡಿಕೆ ದಾಟುವುದರೊಳಗೆ ಮುಗಿದುಹೋಗುತ್ತದೆ. ಮರ ಗಟ್ಟಿಯಿದ್ದು ಪಿನ್ನು ಪೂರ್ತಿ ಇಳಿಯದಿದ್ದರೆ ಸುತ್ತಿಗೆಯಿಂದ ತಟ್ಟಿ ಕೂರಿಸಿ.

ಈಗ ಮುಖ್ಯವಾದದ್ದು. ಎಷ್ಟು ಎಳೆಯಬೇಕು? ಕೈಯಂದಾಜು ಸಾಲದು. ಮೊದಲನೆಯದನ್ನು ಹುರುಪಿನಲ್ಲಿ ಎಳೆಯುತ್ತೇವೆ, ಹತ್ತನೆಯದರ ಹೊತ್ತಿಗೆ ಕೈ ಸೋತಿರುತ್ತದೆ. ಅದಕ್ಕೇ ಬೆಲ್ಟನ್ನು ಎಳೆಯದೆ ಹಾಗೇ ಹಾಸಿ, ಹಿಂದಿನ ಪಿನ್ನಿನಿಂದ 18 ಇಂಚಿಗೆ ಪೆನ್ನಿನಲ್ಲಿ ಗೆರೆ ಹಾಕಿ. ಆ ಗೆರೆ 20 ಇಂಚಿನ ಜಾಗಕ್ಕೆ, ಅಂದರೆ ಮುಂದಿನ ಅಡ್ಡಮರದ ಪಿನ್ನಿನ ಜಾಗಕ್ಕೆ ಬರುವವರೆಗೆ ಎಳೆಯಿರಿ. ನಿಮ್ಮ ಅಳತೆ ಬೇರೆ ಇದ್ದರೆ ಹತ್ತಕ್ಕೆ ಒಂದು ಕಳೆದು ಗೆರೆ ಹಾಕಿ. ಎಲ್ಲ ಬೆಲ್ಟೂ ಒಂದೇ ಸಮ ಬಿಗಿಯಾಗುತ್ತದೆ.

ಬರಿಗೈಯಲ್ಲಿ ಎಳೆದರೆ ಜಾರುತ್ತದೆ. ಬೆಲ್ಟನ್ನು ಲಟ್ಟಣಿಗೆಗೆ ಒಂದೂವರೆ ಸುತ್ತು ಸುತ್ತಿ, ಲಟ್ಟಣಿಗೆಯನ್ನು ಮುಂದಿನ ಅಡ್ಡಮರದ ಹೊರ ಅಂಚಿಗೆ ಒತ್ತಿ ಕೆಳಕ್ಕೆ ಉರುಳಿಸಿ. ಅಂಚಿನ ಮೇಲೆ ಹಳೆ ಟವೆಲ್ ಇರಲಿ. ಗೆರೆ ಜಾಗಕ್ಕೆ ಬಂದಾಗ ಒಬ್ಬರು ಹಿಡಿದಿರಿ, ಇನ್ನೊಬ್ಬರು ಐದು ಪಿನ್ನು ಹೊಡೆಯಲಿ. ಆಮೇಲೆ ಒಂದು ಇಂಚು ಬಿಟ್ಟು ಕತ್ತರಿಸಿ, ಆ ತುಂಡನ್ನು ಒಳಕ್ಕೆ ಮಡಚಿ ಇನ್ನೂ ನಾಲ್ಕು ಹೊಡೆಯಿರಿ.

ಒಂದು ತುದಿಯಿಂದ ಶುರುಮಾಡಿ ಸಾಲಾಗಿ ಹೋಗಬೇಡಿ. ಮೊದಲು ನಟ್ಟನಡುವಿನದು, ಆಮೇಲೆ ಎಡದ ಕೊನೆ, ಬಲದ ಕೊನೆ, ಮತ್ತೆ ಮಧ್ಯದವು. ಬೆಲ್ಟ್ ಹೆಚ್ಚಾದ ಹಾಗೆ ಅಡ್ಡಮರ ಕೂದಲೆಳೆಯಷ್ಟು ಒಳಕ್ಕೆ ಬಾಗುತ್ತದೆ. ಸಾಲಾಗಿ ಹೋದರೆ ಮೊದಲು ಹಾಕಿದವು ಕೊನೆಗೆ ಸಡಿಲವಾಗಿರುತ್ತವೆ. ಬಾಗುವುದು ಕಣ್ಣಿಗೇ ಕಾಣುವಷ್ಟಿದ್ದರೆ ಜಾಸ್ತಿ ಎಳೆದಿದ್ದೀರಿ, ಇಲ್ಲವೇ ಎರಡು ಅಡ್ಡಮರದ ನಡುವೆ ಇರಬೇಕಾದ ಆಧಾರದ ಮರ ಇಲ್ಲ. ಚಿಕ್ಕಪ್ಪನದಕ್ಕೆ ಅದು ಇರಲೇ ಇಲ್ಲ. ಬೆಲ್ಟ್ ಹಾಕುವ ಮೊದಲೇ ಒಂದು ರೀಪು ಕೂರಿಸಿದೆವು, ಬೆಲ್ಟ್ ಜಗ್ಗಿದಾಗ ತಾಗದ ಹಾಗೆ ಮೂರು ಇಂಚು ತಗ್ಗಿನಲ್ಲಿ.

ಎಡಬಲದ ಮೂರನ್ನು ಚಾಪೆ ಹೆಣೆದ ಹಾಗೆ ಒಂದರ ಮೇಲೆ ಒಂದರ ಕೆಳಗೆ ತೂರಿಸಿ, ಅದೇ ಲೆಕ್ಕದಲ್ಲಿ ಎಳೆಯಿರಿ. ಮುಗಿದ ಮೇಲೆ ಅಂಗೈ ಊರಿ ಎಲ್ಲ ಕಡೆ ಒತ್ತಿ ನೋಡಿ. ಒಂದು ಕಡೆ ಮಾತ್ರ ಮೆತ್ತಗಿದ್ದರೆ ಈಗಲೇ ಬಿಚ್ಚಿ ಮತ್ತೆ ಎಳೆಯಿರಿ, ಬಟ್ಟೆ ಮುಚ್ಚಿದ ಮೇಲೆ ಆಗುವುದಿಲ್ಲ.

ನಿಮ್ಮದು ಸ್ಪ್ರಿಂಗ್ ಸೋಫಾ ಆಗಿದ್ದರೆ

ಹಾವಿನಂತೆ ಬಳುಕಿದ ತಂತಿಯ ಸ್ಪ್ರಿಂಗ್ ಇದ್ದರೆ ಬಹಳ ಸಲ ಸ್ಪ್ರಿಂಗ್ ಮುರಿದಿರುವುದಿಲ್ಲ, ತುದಿ ಹಿಡಿದಿರುವ ಕ್ಲಿಪ್ಪು ಮೊಳೆ ಸಮೇತ ಕಿತ್ತಿರುತ್ತದೆ. ಹಳೇ ತೂತಿಗೇ ಮತ್ತೆ ಹೊಡೆಯಬೇಡಿ, ಒಂದು ಇಂಚು ಪಕ್ಕಕ್ಕೆ ಹೊಡೆಯಿರಿ. ತಂತಿ ಕ್ಲಿಪ್ಪಿಗೆ ಉಜ್ಜಿ ಕೀಚ್ ಅನ್ನುತ್ತಿದ್ದರೆ ನಡುವೆ ಚರ್ಮದ ಅಥವಾ ದಪ್ಪ ರೆಕ್ಸಿನ್ನಿನ ಚೂರು ಇಡಿ. ಸ್ಪ್ರಿಂಗನ್ನು ಮತ್ತೆ ಸಿಕ್ಕಿಸುವಾಗ ಗಟ್ಟಿ ದಾರದ ಕುಣಿಕೆ ಹಾಕಿ ಎಳೆಯಿರಿ. ಮುಖ ದೂರ ಇರಲಿ, ಕನ್ನಡಕ ಹಾಕಿಕೊಳ್ಳಿ. ತಪ್ಪಿಸಿಕೊಂಡ ಸ್ಪ್ರಿಂಗ್ ಬಾರುಕೋಲಿನ ಹಾಗೆ ಬೀಸುತ್ತದೆ. ಕಮಾನು ಹೋಗಿ ಚಪ್ಪಟೆಯಾದದ್ದನ್ನು ಬಗ್ಗಿಸಿ ಸರಿಮಾಡಲು ಹೋಗಬೇಡಿ. ಅದೇ ಉದ್ದದ, ಅದೇ ದಪ್ಪದ ತಂತಿಯ ಹೊಸದನ್ನೇ ತನ್ನಿ.

ಸೀಟಿನ ಬಟ್ಟೆಯನ್ನು ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತಾ ಪಿನ್ನು ಹೊಡೆಯಿರಿ. ಕುಶನ್ ಇಡುವ ಮೊದಲು ಫೋಮನ್ನೂ ಒತ್ತಿ ನೋಡಿ, ಗುಂಡಿ ಬಿದ್ದು ಮೇಲೇಳದಿದ್ದರೆ ಬೆಲ್ಟ್‌ನ ತಪ್ಪಲ್ಲ.

“ಈಗ ಆ ಹಲಗೆ ಏನ್ ಮಾಡೋಣ?” ಎಂದರು ಚಿಕ್ಕಪ್ಪ. ಅದರಲ್ಲೇ ತ್ರಿಕೋನ ತುಂಡುಗಳನ್ನು ಕತ್ತರಿಸಬಹುದಿತ್ತೇನೋ. ಆದರೆ ತೆಳು ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹಾಕಿದರೆ ಪದರ ಬಿಟ್ಟುಕೊಳ್ಳುತ್ತದೆ. ಅಟ್ಟಕ್ಕೇ ಹೋಯಿತು. ಕಪ್ಪು ಬಟ್ಟೆಯನ್ನು ಮಾತ್ರ ಮರೆಯದೆ ಅಡಿಗೆ ಹೊಡೆದೆವು. ಅದಿಲ್ಲದಿದ್ದರೆ ಜಿರಲೆ ಸಂಸಾರ ಹೂಡುತ್ತದೆ.