ಅಕ್ಕ ಇಟ್ಟ ಹೆಸರು ಹೊಸ್ತಿಲು ದಾಟಬೇಕೇ?

ಮಗ ಹುಟ್ಟಿದಾಗ ಮಗಳಿಗೆ ಮೂರು ವರ್ಷ. ಎಳೆಗೂಸುಗಳ ಮೂಗಿನ ದಾರಿ ತೀರ ಇಕ್ಕಟ್ಟು. ಬಾಯಿಂದ ಉಸಿರಾಡುವುದೂ ಅವಕ್ಕೆ ಅಷ್ಟಾಗಿ ಒಗ್ಗಿರುವುದಿಲ್ಲ. ಹಾಗಾಗಿ ನೆಗಡಿ ಇಲ್ಲದಿದ್ದರೂ ನಿದ್ದೆಯಲ್ಲಿ ಗುರ್ ಗುರ್ ಎನ್ನುತ್ತಿರುತ್ತವೆ. ತೊಟ್ಟಿಲಿನ ಪಕ್ಕ ನಿಂತು ಕೇಳಿಸಿಕೊಂಡ ಮಗಳು ತಮ್ಮನಿಗೆ ‘ಗೊರಕಪ್ಪ’ ಎಂದು ಹೆಸರಿಟ್ಟಳು. ಅವಳ ನಾಲಿಗೆಗೆ ಆಗಿನ್ನೂ ರಕಾರ ಹೊರಳುತ್ತಿರಲಿಲ್ಲ, ಬಾಯಲ್ಲಿ ಬಂದದ್ದು ‘ಗೊಲಕಪ್ಪ’. ನಾವೂ ಹಾಗೆಯೇ ಕರೆಯತೊಡಗಿದೆವು.

ಈ ಹೆಸರನ್ನು ತಡೆಯಬೇಕೆಂದು ನನಗೆ ಅನ್ನಿಸಲಿಲ್ಲ. ಹೊಸ ಕೂಸು ಬಂದ ಮೇಲೆ ದೊಡ್ಡ ಮಗುವಿಗೆ ‘ಮುಟ್ಟಬೇಡ, ಕೂಗಬೇಡ, ಆಮೇಲೆ ಬಾ’ ಎಂಬ ಮಾತುಗಳೇ ಹೆಚ್ಚಾಗಿ ಸಿಗುತ್ತವೆ. ಅಂಥ ಹೊತ್ತಿನಲ್ಲಿ ತಾನು ಕೊಟ್ಟ ಹೆಸರನ್ನು ಮನೆಮಂದಿಯೆಲ್ಲ ಒಪ್ಪಿಕೊಂಡರೆ ಅವಳಿಗೂ ತಮ್ಮನ ಮೇಲೆ ಒಂದು ಹಕ್ಕು ಸಿಕ್ಕಂತೆ. ಆದರೆ ಅದನ್ನು ಯಾವ ದನಿಯಲ್ಲಿ ಕರೆಯುತ್ತಾಳೆ ಎಂಬುದರ ಮೇಲೆ ಕಿವಿ ಇಟ್ಟಿದ್ದೆ. ಗಿಲಕಿ ಆಡಿಸುತ್ತಾ ‘ಗೊಲಕಪ್ಪ’ ಎಂದರೆ ಅದು ಮುದ್ದು. ನಾನು ಕೂಸನ್ನು ಎತ್ತಿಕೊಂಡು ಕೂತಿರುವಾಗಲೇ, ಹಲ್ಲು ಕಚ್ಚಿ, ಕೊನೆಯ ಅಕ್ಷರ ಎಳೆದು ಹೇಳಿದರೆ ಅದು ಹೊಟ್ಟೆಯುರಿ. ಆಗ ಹೆಸರಿನ ಬಗ್ಗೆ ಮಾತೆತ್ತದೆ ಅವಳನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದೆ. ಹೆಸರಿಗೆ ಗದರಿದ್ದರೆ, ತಮ್ಮನನ್ನು ನೋಯಿಸಲು ಒಳ್ಳೆಯ ಆಯುಧ ಯಾವುದೆಂದು ನಾನೇ ತೋರಿಸಿಕೊಟ್ಟಂತಾಗುತ್ತಿತ್ತು.

ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆವು. ಸುಮಾರು ಐದು ತಿಂಗಳ ಹೊತ್ತಿಗೆ ಕೂಸುಗಳು ಪದೇ ಪದೇ ಕೇಳಿದ ತಮ್ಮ ಹೆಸರಿನ ಸದ್ದನ್ನು ಗುರುತಿಸತೊಡಗುತ್ತವೆ. ಬರೀ ಅಡ್ಡಹೆಸರೇ ಕಿವಿಗೆ ಬಿದ್ದರೆ ಅದಕ್ಕೇ ತಿರುಗುತ್ತವೆ. ಆದ್ದರಿಂದ ಸ್ನಾನ ಮಾಡಿಸುವಾಗ, ಉಣಿಸುವಾಗ ಅವನ ನಿಜವಾದ ಹೆಸರನ್ನೇ ಹಿಡಿದು ಮಾತನಾಡಿಸುತ್ತಿದ್ದೆವು. ಆಟಕ್ಕೆ ಅಕ್ಕನ ಹೆಸರು. ಎರಡು ಹೆಸರಾದರೆ ಮಗುವಿಗೆ ಗೊಂದಲ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದರು. ಅಂಥದ್ದೇನೂ ಆಗಲಿಲ್ಲ, ಎರಡಕ್ಕೂ ತಿರುಗಿ ನೋಡುತ್ತಿದ್ದ.

ತೊಡಕು ಶುರುವಾದದ್ದು ಮಗಳ ಉಚ್ಚಾರ ತಿದ್ದಿಕೊಂಡಾಗ. ರಕಾರ ಬಂದದ್ದೇ ‘ಗೊಲಕಪ್ಪ’ ಹೋಗಿ ಸ್ಪಷ್ಟವಾಗಿ ‘ಗೊರಕಪ್ಪ’ ಆಯಿತು. ಮೊದಲಿನದು ಕೇಳುವವರಿಗೆ ಅರ್ಥವಿಲ್ಲದ ಮುದ್ದು ಮಾತು. ಈಗಿನದು ಎಲ್ಲರಿಗೂ ತಿಳಿಯುವ ಹಂಗಿಸುವ ಮಾತು. ಅಷ್ಟರಲ್ಲಿ ಅವನ ಮೂಗಿನ ಸದ್ದು ನಿಂತು ಯಾವುದೋ ಕಾಲವಾಗಿತ್ತು. ಒಮ್ಮೆ ನೆಂಟರೊಬ್ಬರು ಅದೇ ಹೆಸರು ಹಿಡಿದು ಕರೆದು, ಮೂಗಿನಲ್ಲಿ ಗೊರ್ ಎಂದು ನಕ್ಕರು. ಮಗ ಏನೂ ಹೇಳದೆ ನನ್ನ ಬೆನ್ನ ಹಿಂದೆ ಸರಿದ. ತೊಟ್ಟಿಲ ಕಥೆ ಗೊತ್ತಿರುವ ನಮಗೆ ಆ ಹೆಸರು ಅಕ್ಕರೆ. ಕಥೆ ಗೊತ್ತಿಲ್ಲದವರ ಬಾಯಲ್ಲಿ ಅದು ಬರೀ ಗೊರಕೆ. ಹೊರಗೆ ಹೋಗುವುದು ಹೆಸರೊಂದೇ, ಕಥೆ ಅದರ ಹಿಂದೆ ಹೋಗುವುದಿಲ್ಲ. ಹೀಗೆ ವಿವರಣೆ ಕೊಟ್ಟರೆ ಮಾತ್ರ ಮುದ್ದೆನಿಸುವ ಹೆಸರು ಮನೆಯೊಳಗೇ ಇರಲಿ ಎಂದು ಅಂದೇ ನಿಶ್ಚಯಿಸಿದೆ. ‘ಪುಟ್ಟ’, ‘ಚಿನ್ನಿ’ ಎಂಬಂಥವಕ್ಕೆ ಈ ತಾಪತ್ರಯವಿಲ್ಲ. ಮೈಬಣ್ಣ, ಗಾತ್ರ, ಅಳು, ಉಚ್ಚೆಗಳಿಂದ ಹುಟ್ಟಿದವುಗಳಿಗೆ ಖಂಡಿತ ಇದೆ.

ಮಗನನ್ನು ಶಾಲೆಗೆ ಸೇರಿಸುವ ಮೊದಲು ಮಗಳೊಂದಿಗೆ ಮಾತನಾಡಿದೆ. ‘ಹಾಗೆ ಕರೆಯಬೇಡ’ ಎನ್ನಲಿಲ್ಲ. ‘ಇದು ನೀನು ಇಟ್ಟ ಹೆಸರು, ನಮ್ಮ ಮನೆಯವರಿಗೆ ಮಾತ್ರ. ಬಾಗಿಲಾಚೆ ಅವನ ದೊಡ್ಡ ಹೆಸರು’ ಎಂದೆ. ಗುಟ್ಟು ಕಾಯುವ ಕೆಲಸವೆಂದರೆ ಆ ವಯಸ್ಸಿನ ಮಕ್ಕಳಿಗೆ ಹಿಗ್ಗು, ಕೂಡಲೇ ಒಪ್ಪಿದಳು. ಪ್ರವೇಶದ ಅರ್ಜಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು ಎಂಬ ಸಾಲಿತ್ತು. ಅಲ್ಲಿ ಅವನ ಹೆಸರಿನ ಮೊದಲೆರಡು ಅಕ್ಷರಗಳನ್ನಷ್ಟೇ ಬರೆದೆ. ಅಲ್ಲಿ ಬರೆದದ್ದನ್ನು ಶಿಕ್ಷಕಿ ತರಗತಿಯಲ್ಲಿ ಕರೆಯುತ್ತಾರೆ, ತರಗತಿ ಆಟದ ಮೈದಾನಕ್ಕೆ ಒಯ್ಯುತ್ತದೆ. ಬಂಧುಗಳ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುವಾಗಲೂ ಆ ಹೆಸರು ಬರೆಯುವುದನ್ನು ನಿಲ್ಲಿಸಿದೆವು.

ಆದರೂ ಶಾಲೆಯ ಗೇಟಿನ ಬಳಿ ಒಂದು ದಿನ ಮಗಳ ಬಾಯಿಂದ ಅದು ಜಾರಿತು. ಇಬ್ಬರು ಹುಡುಗರು ತಿರುಗಿ ನೋಡಿದರು. ಅಲ್ಲೇ ಗದರಿದರೆ ಅವರಿಗೆ ಇನ್ನಷ್ಟು ಕುತೂಹಲ ಎಂದು ನಾನು ಸುಮ್ಮನೆ ಅವನ ದೊಡ್ಡ ಹೆಸರು ಕೂಗಿ ಬ್ಯಾಗು ಈಸಿಕೊಂಡೆ. ಯಾರೂ ಆ ಅಡ್ಡಹೆಸರನ್ನು ಎತ್ತಿಕೊಳ್ಳಲಿಲ್ಲ.

ಈಗ ಅವನಿಗೆ ಏಳು ವರ್ಷ. ಯಾರು ಹಾಗೆ ಕರೆಯಬಹುದು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಅಕ್ಕನಿಗೆ ಯಾವಾಗಲೂ ಅನುಮತಿ ಉಂಟು, ಅಜ್ಜಿಗೂ ಉಂಟು. ನನಗೆ ಮಾತ್ರ, ಅವನ ಗೆಳೆಯರು ಮನೆಗೆ ಬಂದಾಗ ಇಲ್ಲ.