ಕೋಲಾರದ ಕೆರೆ ಅರಬ್ಬಿ ಸಮುದ್ರದಲ್ಲಿ ಕಂಡರೆ

ಕ್ಯೂಜಿಐಎಸ್‌ನಲ್ಲಿ ತಾಲ್ಲೂಕು ಗಡಿಯ ಲೇಯರ್ ಹಾಕಿ, ಅದರ ಮೇಲೆ ಕೆರೆಗಳ ಲೇಯರ್ ಹಾಕುತ್ತೀರಿ. ಗಡಿ ಕಾಣುತ್ತದೆ, ಕೆರೆ ಎಲ್ಲೂ ಇಲ್ಲ. ಕೋಲಾರ ಜಿಲ್ಲೆಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಮತ್ತು 44ನೇ ವಲಯಗಳನ್ನು ಬೇರ್ಪಡಿಸುವ 78 ಡಿಗ್ರಿ ರೇಖಾಂಶ ಜಿಲ್ಲೆಯ ಒಳಗೇ ಹಾಯುತ್ತದೆ. ಮಾಲೂರು ಪಟ್ಟಣ 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ!

ಮೊದಲು ಕೆರೆ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ `Zoom to Layer(s)` ಒತ್ತಿ. ಕೆರೆಗಳು ಕಂಡರೆ ಫೈಲ್ ಕೆಟ್ಟಿಲ್ಲ, ಜಾಗ ಮಾತ್ರ ತಪ್ಪಿದೆ.

ಎರಡನೆಯದೇ ಮುಖ್ಯ. ಇಲ್ಲಿ ಅವಸರ ಬೇಡ. `Properties` ತೆರೆದು `Information`ನಲ್ಲಿ ಎರಡು ಸಾಲು ಓದಿ: `CRS` ಮತ್ತು `Extent`. ಸಿಆರ್‌ಎಸ್ ಅನ್ನುವುದು ಅಂಕಿಗಳನ್ನು ಯಾವ ಪದ್ಧತಿಯಲ್ಲಿ ಓದಬೇಕೆಂದು ಹೇಳುವ ಬರೀ ಲೇಬಲ್, ಅದು ತಪ್ಪಿರಬಹುದು. ಎಕ್ಸ್‌ಟೆಂಟ್‌ನಲ್ಲಿರುವುದು ಫೈಲಿನೊಳಗಿನ ಅಂಕಿ. ನಂಬಬೇಕಾದದ್ದು ಅದನ್ನು.

ಅಂಕಿ 78, 13ರ ಆಸುಪಾಸಿನಲ್ಲಿದ್ದರೆ ಅದು ಡಿಗ್ರಿ, ಸಾಮಾನ್ಯವಾಗಿ `EPSG:4326`. ಲಕ್ಷಗಳಲ್ಲಿದ್ದರೆ ಮೀಟರ್. ಕೋಲಾರ ಪಟ್ಟಣದ ಮೊದಲ ಅಂಕಿ 44ನೇ ವಲಯದಲ್ಲಿ ಸುಮಾರು 1,89,000, 43ನೇ ವಲಯದಲ್ಲಿ ಸುಮಾರು 8,39,000. ಎರಡನೇ ಅಂಕಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಹದಿನಾಲ್ಕೂವರೆ ಲಕ್ಷ. ಹಾಗಾಗಿ ಮೊದಲನೆಯದನ್ನೇ ನೋಡಿ.

ಹೋದ ತಿಂಗಳು ಒಬ್ಬ ಹುಡುಗ ತಂದ ಫೈಲಿನಲ್ಲಿ ಕೋಲಾರಮ್ಮ ಕೆರೆಯ ಅಂಕಿ 1,88,000ರ ಹತ್ತಿರ ಇತ್ತು, ಲೇಬಲ್ ಮಾತ್ರ 43ನೇ ವಲಯದ `EPSG:32643`. ಒಂದು ವಲಯದ ಅಗಲ ಆರು ಡಿಗ್ರಿ. ಅಷ್ಟು ದೂರ, ಅಂದರೆ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಕೆರೆ ಅರಬ್ಬಿ ಸಮುದ್ರದಲ್ಲಿ ಕೂತಿತ್ತು. ಅವನು ಕೆಳಮೂಲೆಯಲ್ಲಿ ಪ್ರಾಜೆಕ್ಟ್ ಸಿಆರ್‌ಎಸ್ ಅನ್ನು ಹತ್ತು ಸಲ ಬದಲಾಯಿಸಿದ್ದ. ಅದರಿಂದ ಏನೂ ಆಗುವುದಿಲ್ಲ. ಲೇಬಲ್ ಸರಿ ಇದ್ದರೆ ಕ್ಯೂಜಿಐಎಸ್ ತಾನೇ ಹೊಂದಿಸಿಕೊಳ್ಳುತ್ತದೆ, ತಪ್ಪಿದ್ದರೆ ಪ್ರಾಜೆಕ್ಟ್ ಏನೇ ಇಟ್ಟರೂ ಕೆರೆ ಸಮುದ್ರದಲ್ಲೇ.

ಸರಿಪಡಿಸಲು `Set Layer CRS`ನಲ್ಲಿ 44ನೇ ವಲಯದ `EPSG:32644` ಕೊಡಿ. ಅವನ ಕೆರೆ ತಕ್ಷಣ ಊರಿಗೆ ಬಂತು. ಆದರೆ ಇದು ಲೇಬಲ್ ಮಾತ್ರ ಬದಲಿಸುತ್ತದೆ, ಅಂಕಿಯನ್ನಲ್ಲ. ಪಕ್ಕದ ಲೇಯರ್ ಥರ ಇರಲಿ ಅಂತ ಸುಮ್ನೆ 4326 ಅಂಟಿಸಿದರೆ ಇನ್ನೂ ಕೆಡುತ್ತದೆ. ಅಂಕಿಯೇ ಬದಲಾಗಬೇಕಾದರೆ `Reproject Layer` ಬಳಸಿ, ಅದೂ ಲೇಬಲ್ ಸರಿಮಾಡಿದ ಮೇಲೆ.

ಲೇಯರ್ ಹೆಸರಿನ ಪಕ್ಕ ಪ್ರಶ್ನೆ ಚಿಹ್ನೆ ಇದ್ದರೆ ಲೇಬಲ್ಲೇ ಇಲ್ಲ ಎಂದರ್ಥ. ಶೇಪ್‌ಫೈಲ್ ಕಳಿಸುವಾಗ `.prj` ಬಿಟ್ಟರೆ ಹೀಗಾಗುತ್ತದೆ. ಆಗಲೂ ಅಂಕಿ ಓದಿಯೇ ಲೇಬಲ್ ಕೊಡಿ. ಎಕ್ಸೆಲ್‌ನಿಂದ ತಂದ ಬಿಂದುಗಳು ಉತ್ತರ ಧ್ರುವದ ಕಡೆ ಸ್ವಾಲ್‌ಬಾರ್ಡ್‌ನಲ್ಲಿ ಕಂಡರೆ ಸಿಆರ್‌ಎಸ್ ತಪ್ಪಲ್ಲ, ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ.

ಕೊನೆಗೆ `Export` ಮಾಡಿ ಜಿಯೋಪ್ಯಾಕೇಜ್ ಆಗಿ ಉಳಿಸಿ. `Set Layer CRS` ನಿಮ್ಮ ಪ್ರಾಜೆಕ್ಟ್‌ನಲ್ಲಿ ಮಾತ್ರ ಉಳಿಯುತ್ತದೆ, ಹಳೆಯ ಫೈಲ್ ಹಾಗೇ ಇರುತ್ತದೆ. ಜಿಲ್ಲೆ ಪೂರ್ತಿ ಕೆಲಸವಿದ್ದರೆ ಎಲ್ಲವನ್ನೂ 32644ರಲ್ಲೇ ಇಡಿ. ಮಾಲೂರು ಗೆರೆಯಿಂದ ಸ್ವಲ್ಪವೇ ಆಚೆ ಇದೆ, ಅಳತೆ ಕೆಡುವುದಿಲ್ಲ.