ಬೋರ್‌ವೆಲ್ ನೀರು ಮತ್ತು ಅಕ್ಕಿಕಾಳಿನಷ್ಟು ಪೇಸ್ಟ್

ನಾನು ದಾವಣಗೆರೆಯಲ್ಲಿ ಮಕ್ಕಳ ಹಲ್ಲು ನೋಡುವ ಡಾಕ್ಟರ್. ಒಂದು ದಿನ ಜಗಳೂರು ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ದೊಡ್ಡವಳಿಗೆ 8 ವರ್ಷ. ಮೇಲಿನ ಎರಡು ಮುಂದಿನ ಹಲ್ಲಿನ ಮೇಲೆ ಸುಣ್ಣ ಎಳೆದಂತೆ ಅಡ್ಡ ಬಿಳಿ ಗೆರೆಗಳು, ಅಲ್ಲಲ್ಲಿ ಕಂದು ಕಲೆ. ಚಿಕ್ಕವಳಿಗೆ 2 ವರ್ಷ, ತೂಕ 11 ಕೆಜಿ. ಅವಳ ಹಾಲುಹಲ್ಲು ಚೆನ್ನಾಗಿಯೇ ಇದ್ದವು.

"ಡಾಕ್ಟ್ರಮ್ಮ, ಪೇಸ್ಟಿನಲ್ಲಿರೋ ಫ್ಲೋರೈಡಿಂದ ಹಿಂಗಾಗುತ್ತಂತೆ. ಚಿಕ್ಕವಳಿಗೆ ಪೇಸ್ಟ್ ಬಿಡಿಸಿಬಿಡ್ಲಾ?" ಎಂದು ಆ ತಾಯಿ ಕೇಳಿದರು.

ಕೆಲಸ ಶುರುಮಾಡಿದ ಹೊಸದರಲ್ಲಿ ನಾನು ಇಂಥವರಿಗೆ "ಹೂಂ, ಬಿಡಿಸಿ" ಎಂದೇ ಹೇಳುತ್ತಿದ್ದೆ. ಫ್ಲೋರೈಡ್ ಜಾಸ್ತಿ ಇರುವ ಊರು, ಪೇಸ್ಟಿಂದ ಇನ್ನಷ್ಟು ಯಾಕೆ ಎನ್ನುವುದು ನನ್ನ ಲೆಕ್ಕವಾಗಿತ್ತು. ಹಾಗೆ ಬಿಡಿಸಿದ ಒಬ್ಬ ಹುಡುಗ ಎರಡು ವರ್ಷದ ನಂತರ ಬಂದಾಗ ಅವನ ನಾಲ್ಕು ದವಡೆ ಹಲ್ಲು ಹುಳುಕಾಗಿದ್ದವು. ಅದೇ ಬಾಯಲ್ಲಿ ಆಗಷ್ಟೇ ಹುಟ್ಟಿದ ಮುಂದಿನ ಹಲ್ಲಿನ ಮೇಲೆ ಬಿಳಿ ಗೆರೆಯೂ ಇತ್ತು. ಕಲೆಯನ್ನು ತಡೆಯಲಿಲ್ಲ, ಹುಳುಕನ್ನೂ ತಡೆಯಲಿಲ್ಲ. ಅದು ನನ್ನ ತಪ್ಪು ಸಲಹೆ. ಆ ಮೇಲೆ ನಾನು ಫ್ಲೋರೈಡ್ ಬಗ್ಗೆ ಯೋಚಿಸುವ ರೀತಿಯೇ ಬದಲಾಯಿತು.

ಫ್ಲೋರೈಡ್ ಒಳ್ಳೆಯದು ಮಾಡುವ ಜಾಗ ಬೇರೆ, ಕೆಟ್ಟದ್ದು ಮಾಡುವ ಜಾಗ ಬೇರೆ. ಒಳ್ಳೆಯದು ಮಾಡುವುದು ಬಾಯಲ್ಲಿ, ಹಲ್ಲಿನ ಮೇಲ್ಮೈಯಲ್ಲಿ. ಮಗು ಬಿಸ್ಕತ್ತು ತಿಂದಾಗ ಹಲ್ಲಿಗೆ ಅಂಟಿದ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಆ ಸಕ್ಕರೆಯಿಂದ ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ, ಅಂದರೆ ಆಮ್ಲ ಅಷ್ಟು ಜಾಸ್ತಿಯಾದರೆ, ಹಲ್ಲಿನ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಸ್ವಲ್ಪ ಹೊತ್ತಿಗೆ ಜೊಲ್ಲು ಆ ಆಮ್ಲವನ್ನು ತಣಿಸುತ್ತದೆ, ಕರಗಿದ್ದರಲ್ಲಿ ಒಂದಿಷ್ಟು ವಾಪಸ್ ಹೋಗಿ ಕೂರುತ್ತದೆ. ದಿನವಿಡೀ ಈ ಕೊಡು-ಕೊಳ್ಳುವಿಕೆ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ಜೊಲ್ಲಿನಲ್ಲಿ ಚೂರೇ ಚೂರು ಫ್ಲೋರೈಡ್ ಇದ್ದರೆ ಕರಗುವುದು ಕಡಿಮೆಯಾಗುತ್ತದೆ, ವಾಪಸ್ ಕೂರುವುದು ಬೇಗ ಆಗುತ್ತದೆ. ಹಾಗೆ ಕೂತ ಹೊಸ ಪದರದಲ್ಲಿ ಫ್ಲೋರೈಡೂ ಸೇರಿರುವುದರಿಂದ ಅದು ಮೊದಲಿಗಿಂತ ಗಟ್ಟಿ. ಪಿಎಚ್ 4.5ರ ಹತ್ತಿರ ಇಳಿಯುವವರೆಗೂ ತಡೆದುಕೊಳ್ಳುತ್ತದೆ. ಇದಕ್ಕೆ ಫ್ಲೋರೈಡನ್ನು ನುಂಗಬೇಕಾಗಿಲ್ಲ. ಹಲ್ಲಿಗೆ ತಾಗಿ, ಒಂದಿಷ್ಟು ಹೊತ್ತು ಅಲ್ಲೇ ಇದ್ದರೆ ಸಾಕು.

ಕೆಟ್ಟದ್ದಾಗುವುದು ನುಂಗಿದಾಗ, ಅದೂ ಇನ್ನೂ ಹುಟ್ಟದ ಹಲ್ಲಿಗೆ. ಎರಡು ವರ್ಷದ ಮಗುವಿನ ಹಾಲುಹಲ್ಲಿನ ಮೇಲ್ಗಡೆ, ದವಡೆಯೊಳಗೆ, ಶಾಶ್ವತ ಹಲ್ಲಿನ ಎನಾಮೆಲ್ ತಯಾರಾಗುತ್ತಿರುತ್ತದೆ. ಮೊದಲು ಪ್ರೋಟೀನಿನ ಹಂದರ ಬರುತ್ತದೆ, ನಂತರ ಆ ಪ್ರೋಟೀನ್ ಜಾಗ ಖಾಲಿಮಾಡಿ ಅಲ್ಲಿ ಖನಿಜ ತುಂಬಿಕೊಳ್ಳಬೇಕು. ರಕ್ತದಲ್ಲಿ ಫ್ಲೋರೈಡ್ ಜಾಸ್ತಿಯಾದರೆ ಪ್ರೋಟೀನ್ ಪೂರ್ತಿ ಹೊರಹೋಗುವುದಿಲ್ಲ. ಖನಿಜ ಸರಿಯಾಗಿ ತುಂಬದೆ ಅಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಅದೇ ಸುಣ್ಣದಂತೆ ಕಾಣುವ ಬಿಳಿ ಗೆರೆ. ಇದನ್ನೇ ಫ್ಲೋರೋಸಿಸ್ ಎನ್ನುವುದು. ಕಂದು ಬಣ್ಣ ಹಲ್ಲು ಹುಟ್ಟಿದ ಮೇಲೆ ಹೊರಗಿನಿಂದ ಆ ತೂತುಗಳಿಗೆ ಹಿಡಿಯುವಂಥದ್ದು. ಮೇಲಿನ ಮುಂದಿನ ಹಲ್ಲಿಗೆ ಅಪಾಯ ಹೆಚ್ಚಿರುವುದು ಸುಮಾರು 15ರಿಂದ 30 ತಿಂಗಳ ವಯಸ್ಸಿನಲ್ಲಿ. ಆ ಹಲ್ಲು ಕಣ್ಣಿಗೆ ಬೀಳುವುದು 7–8 ವರ್ಷಕ್ಕೆ. ಅಂದರೆ ಅಕ್ಕನ ಹಲ್ಲಿನ ಮೇಲೆ ನಾನು ನೋಡುತ್ತಿದ್ದದ್ದು ಅವಳು ಆರು ವರ್ಷದ ಹಿಂದೆ ಕುಡಿದ ನೀರನ್ನು. ತಂಗಿ ಈಗ ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಳು.

ಬಿಳಿ ಕಲೆಗಳೆಲ್ಲ ಫ್ಲೋರೋಸಿಸ್ ಅಲ್ಲ, ಇದನ್ನೂ ಹೇಳಬೇಕು. ಫ್ಲೋರೋಸಿಸ್ ಗೆರೆ ಎಡ-ಬಲ ಎರಡೂ ಹಲ್ಲಿನಲ್ಲಿ ಹೆಚ್ಚುಕಡಿಮೆ ಒಂದೇ ಥರ, ಅಡ್ಡಡ್ಡ ಇರುತ್ತದೆ. ಹುಳುಕು ಶುರುವಾಗುವ ಬಿಳಿ ಕಲೆ ಒಸಡಿನ ಅಂಚಿಗೆ ಒತ್ತಿಕೊಂಡಿರುತ್ತದೆ. ಕೊಳೆ ನಿಲ್ಲುವ ಜಾಗ ಅದೇ ಅಲ್ವಾ.

"ಪೇಸ್ಟ್ ವಿಷಯ ಆಮೇಲೆ ನೋಡೋಣ ಕಣಮ್ಮ, ಮೊದ್ಲು ನೀರು ಟೆಸ್ಟ್ ಮಾಡಿಸಿ" ಎಂದೆ. ಫ್ಲೋರೈಡಿಗೆ ರುಚಿ, ಬಣ್ಣ, ವಾಸನೆ ಯಾವುದೂ ಇಲ್ಲ. ಬೋರ್ ಐದು ನಿಮಿಷ ಓಡಲು ಬಿಟ್ಟು, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ತೊಳೆದು, ತುಂಬಿಸಿ ಲ್ಯಾಬಿಗೆ ಕೊಡಲು ಹೇಳಿದೆ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ. ವರದಿಯಲ್ಲಿ ಲೀಟರಿಗೆ 2.6 ಮಿಲಿಗ್ರಾಂ ಎಂದಿತ್ತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಇದು 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಆ ತಾಯಿಯ ಎದುರಿಗೇ ಚೀಟಿಯ ಹಿಂದೆ ಲೆಕ್ಕ ಬರೆದೆ. ಕುಡಿಯುವುದು, ಗಂಜಿ, ಅನ್ನ, ಸಾರು ಎಲ್ಲ ಸೇರಿ ಮಗುವಿನ ಹೊಟ್ಟೆಗೆ ದಿನಕ್ಕೆ ಸುಮಾರು 700 ಮಿಲಿ ಬೋರ್ ನೀರು ಹೋಗುತ್ತಿತ್ತು. ಅದರಿಂದ 1.8 ಮಿಲಿಗ್ರಾಂ ಫ್ಲೋರೈಡ್. ಪೇಸ್ಟ್ ಅಕ್ಕನದ್ದೇ, 1000 ಪಿಪಿಎಂ, ಅಂದರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ. ಬ್ರಷ್ ಉದ್ದಕ್ಕೂ ಹಾಕುತ್ತಿದ್ದರು. ಮಗುವಿಗೆ ಉಗುಳಲು ಬರದು, ಹಾಗಾಗಿ ಅರ್ಧ ಗ್ರಾಂ ನುಂಗುತ್ತಿತ್ತು ಎಂದಿಟ್ಟುಕೊಂಡೆ. ಒಟ್ಟು 2.3 ಮಿಲಿಗ್ರಾಂ. ಕೆಜಿ ತೂಕಕ್ಕೆ 0.05ರಿಂದ 0.07 ಮಿಲಿಗ್ರಾಂ ಮೀರಬಾರದು ಎಂದು ನಾವು ಹಿಡಿಯುವ ಲೆಕ್ಕದಲ್ಲಿ ಈ ಮಗುವಿಗೆ ಹೆಚ್ಚೆಂದರೆ 0.77. ಮೂರು ಪಟ್ಟು ಆಗುತ್ತಿತ್ತು. ಪೇಸ್ಟ್ ಒಂದನ್ನೇ ಬಿಡಿಸಿದ್ದರೂ ನೀರಿನಿಂದಲೇ ಎರಡು ಪಟ್ಟಿಗೂ ಜಾಸ್ತಿ ಉಳಿಯುತ್ತಿತ್ತು.

ಹಾಗಾಗಿ ಬದಲಿಸಿದ್ದು ನೀರನ್ನು. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಟೆಸ್ಟ್ ಮಾಡಿಸಿದೆವು, 0.3 ಬಂತು. ಕುಡಿಯಲು ಅವರು ಆಗಲೇ ಒಂದು ಕ್ಯಾನ್ ತರುತ್ತಿದ್ದರು, ಆದರೆ ಅದು ದೊಡ್ಡವರಿಗೆ. ಮಗುವಿಗೆ ಮಾತ್ರ ಬೋರ್ ನೀರನ್ನು ಚೆನ್ನಾಗಿ ಕಾಯಿಸಿ ಕೊಡುತ್ತಿದ್ದರು, ಪ್ರೀತಿಯಿಂದಲೇ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ. ಮಗುವಿನ ಗಂಜಿಗೂ, ಮನೆಯ ಅಡುಗೆಗೂ ಘಟಕದ ನೀರನ್ನೇ ಬಳಸಲು ಹೇಳಿದೆ. ಸ್ನಾನಕ್ಕೆ, ಪಾತ್ರೆಗೆ ಬೋರ್ ನೀರೇ ಸಾಕು.

ಪೇಸ್ಟ್ ಬಿಡಿಸಲಿಲ್ಲ. ಅಕ್ಕಿಕಾಳಿನಷ್ಟು, ದಿನಕ್ಕೆ ಎರಡು ಸಲ, ತಾಯಿಯೇ ಹಾಕಿ ತಾಯಿಯೇ ಉಜ್ಜಬೇಕು. ಅಷ್ಟರಲ್ಲಿ ಇರುವುದು 0.1 ಮಿಲಿಗ್ರಾಂ. ಎರಡೂ ಸಲ ಪೂರ್ತಿ ನುಂಗಿದರೂ 0.2, ನೀರಿನದ್ದು 0.2. ಒಟ್ಟು ಮಿತಿಯೊಳಗೆ ಬಂತು, ಹಲ್ಲಿಗೆ ಫ್ಲೋರೈಡ್ ತಾಗುವುದೂ ತಪ್ಪಲಿಲ್ಲ. ಮೂರು ವರ್ಷ ತುಂಬಿ ಉಗುಳುವುದು ಕಲಿತ ಮೇಲೆ ಬಟಾಣಿಕಾಳಿನಷ್ಟು.

ಅಕ್ಕನ ವಿಷಯ ಬೇರೆ. ಅವಳ ಮುಂದಿನ ಹಲ್ಲಿನ ಎನಾಮೆಲ್ ಆಗಲೇ ಮುಗಿದಿದೆ, ಪೇಸ್ಟಿಂದ ಆ ಕಲೆ ಹೆಚ್ಚಾಗುವುದಿಲ್ಲ. ಅವಳು ಹೆದರದೆ ಪೇಸ್ಟ್ ಬಳಸಬೇಕು. ಉಜ್ಜಿದ ಮೇಲೆ ಉಗುಳಿದರೆ ಸಾಕು, ನೀರು ಹಾಕಿ ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲಿದ್ದ ಫ್ಲೋರೈಡ್ ಸುಮ್ನೆ ತೊಳೆದುಹೋಗುತ್ತದೆ. ಕಂದು ಕಲೆ ಮೇಲ್ಪದರದಲ್ಲೇ ಇರುವುದರಿಂದ ಮುಂದೆ ತೆಳುವಾಗಿ ಉಜ್ಜಿ ತೆಗೆಯಬಹುದು.

ದಾವಣಗೆರೆ ಪೇಟೆಯ ಮಕ್ಕಳಲ್ಲಿ ನನ್ನ ಪ್ರಶ್ನೆ ಉಲ್ಟಾ. ಅಲ್ಲಿ ನಲ್ಲಿಯಲ್ಲಿ ಬರುವುದು ಹೊಳೆ ನೀರು, ಫ್ಲೋರೈಡ್ ಕಡಿಮೆ. ಅವರ ಮನೆಯಲ್ಲಿ ನಾನು ಕೇಳುವುದು ಪೇಸ್ಟ್ ಸಿಹಿಯಾಗಿದೆಯಾ, ಮಗು ಅದನ್ನು ಚೀಪುತ್ತದಾ, ಟ್ಯೂಬ್ ಕೈಗೆಟುಕುವ ಜಾಗದಲ್ಲಿದೆಯಾ ಎಂದು.

ಒಂದು ವರ್ಷದ ನಂತರ ಆ ತಾಯಿ ಘಟಕದ ನೀರನ್ನು ಮತ್ತೆ ಟೆಸ್ಟ್ ಮಾಡಿಸಿದರು. 0.3 ಇದ್ದದ್ದು 1.4 ಆಗಿತ್ತು. ಸೋಸುವ ಪೊರೆ ಹಳೆಯದಾಗಿತ್ತು, ನೀರಿನ ರುಚಿಯಲ್ಲಿ ಯಾರಿಗೂ ದೊಡ್ಡ ವ್ಯತ್ಯಾಸ ಗೊತ್ತಾಗಿರಲಿಲ್ಲ. ವರದಿ ತೋರಿಸಿ ಪೊರೆ ಬದಲಿಸಿದ್ದಾಯಿತು. ಈಗ ಆರು ತಿಂಗಳಿಗೊಮ್ಮೆ ಬಾಟಲಿ ತುಂಬಿಸಿ ಕಳಿಸುತ್ತಾರೆ. ಚಿಕ್ಕವಳ ಹಾಲುಹಲ್ಲಿನಲ್ಲಿ ಇದುವರೆಗೆ ಹುಳುಕಿಲ್ಲ. ಮೇಲಿನ ಮುಂದಿನ ಶಾಶ್ವತ ಹಲ್ಲು ಬರಲು ಇನ್ನೂ ನಾಲ್ಕು ವರ್ಷ ಇದೆ.